ಏರುತ್ತದೋ ಇಳಿಯುತ್ತದೋ ತಿಳಿಯದೆಯೇ ಬೆಲೆ ಕಟ್ಟುವುದು

ಷೇರು ವ್ಯವಹಾರದ ಆ್ಯಪ್‌ನಲ್ಲಿ ಆಪ್ಷನ್ ಚೈನ್ ಎಂಬ ಪಟ್ಟಿ ತೆರೆದರೆ ನಟ್ಟನಡುವೆ ಸ್ಟ್ರೈಕ್ ಬೆಲೆಗಳ ಸಾಲು ಕಾಣುತ್ತದೆ. ಅದರ ಒಂದು ಬದಿಗೆ CE, ಇನ್ನೊಂದು ಬದಿಗೆ PE. ಇಲ್ಲಿ C ಎಂದರೆ ಕಾಲ್, E ಎಂದರೆ ಯುರೋಪಿಯನ್. ಗೊತ್ತುಪಡಿಸಿದ ದಿನದಂದು, ಗೊತ್ತುಪಡಿಸಿದ ಬೆಲೆಗೆ ಷೇರನ್ನು ಕೊಳ್ಳುವ ಹಕ್ಕು ಕಾಲ್. ಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲ, ಬೇಡವಾದರೆ ಬಿಟ್ಟುಬಿಡಬಹುದು. ಹಕ್ಕನ್ನು ಎಕ್ಸ್‌ಪೈರಿಯ ದಿನ ಮಾತ್ರ ಚಲಾಯಿಸಬಹುದಾದರೆ ಅದು ಯುರೋಪಿಯನ್ ಬಗೆ, ಅದಕ್ಕೆ ಮುಂಚೆ ಯಾವ ದಿನ ಬೇಕಾದರೂ ಚಲಾಯಿಸಬಹುದಾದರೆ ಅಮೆರಿಕನ್ ಬಗೆ. ನಮ್ಮ ಎನ್‌ಎಸ್‌ಇಯಲ್ಲಿ ಕಂಪನಿ ಷೇರುಗಳ ಆಪ್ಷನ್‌ಗಳು ಮೊದಲು ಅಮೆರಿಕನ್ ಬಗೆಯವಾಗಿದ್ದವು, ಪಟ್ಟಿಯಲ್ಲಿ CA ಎಂದು ಬರುತ್ತಿದ್ದವು. 2011ರಿಂದ ಅವೂ ಯುರೋಪಿಯನ್ ಆಗಿವೆ.

ಆ ಹಕ್ಕಿಗೆ ಇಂದು ಕೊಡಬೇಕಾದ ಹಣವೇ ಪ್ರೀಮಿಯಂ. ಅದು ಎಷ್ಟಿರಬೇಕು? ಕೇಳಿದೊಡನೆ ಯಾರಿಗಾದರೂ ಹೊಳೆಯುವ ಉತ್ತರ ಒಂದೇ: ಷೇರು ಏರುವ ಸಂಭವ ಎಷ್ಟೆಂದು ನೋಡಬೇಕು, ಏರಿದರೆ ಸಿಗುವ ಹಣವನ್ನು ಅದರಿಂದ ಗುಣಿಸಬೇಕು. ಈ ಉತ್ತರ ತಪ್ಪು. ಅದು ಯಾಕೆ ತಪ್ಪು ಎಂಬುದನ್ನು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕದಲ್ಲೇ ತೋರಿಸಬಹುದು. ಹಣಕಾಸಿನ ಗಣಿತದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ವಿಷಯ ಹೇಳುವ ಲೆಕ್ಕ ಇನ್ನೊಂದು ನನಗೆ ಗೊತ್ತಿಲ್ಲ.

ಒಂದು ಷೇರಿನ ಇಂದಿನ ಬೆಲೆ 500 ರೂಪಾಯಿ ಎಂದುಕೊಳ್ಳೋಣ. ಇಂದಿಗೆ ಒಂದು ವರ್ಷಕ್ಕೆ ಅದು 650ಕ್ಕೆ ಏರಬಹುದು, ಇಲ್ಲವೇ 450ಕ್ಕೆ ಇಳಿಯಬಹುದು. ಮೂರನೆಯ ಸಾಧ್ಯತೆ ಇಲ್ಲ. ಇದು ನಿಜವಾದ ಪೇಟೆಯಲ್ಲ ಎಂಬುದು ಸ್ಪಷ್ಟ. ಆ ತಕರಾರಿಗೆ ಆಮೇಲೆ ಬರೋಣ. ಸಾಲ ಕೊಡಲಿಕ್ಕೂ ತರಲಿಕ್ಕೂ ಬಡ್ಡಿ ವರ್ಷಕ್ಕೆ ನೂರಕ್ಕೆ 8. ವರ್ಷದಲ್ಲಿ ಕಂಪನಿ ಡಿವಿಡೆಂಡ್ ಕೊಡುವುದಿಲ್ಲ. ಒಂದು ವರ್ಷದ ಕಾಲ್ ಆಪ್ಷನ್‌ನ ಸ್ಟ್ರೈಕ್ ಬೆಲೆ 530.

ಷೇರು 650 ಆದರೆ ಕಾಲ್ ಹಿಡಿದವರು 530ಕ್ಕೆ ಕೊಂಡು 650ಕ್ಕೆ ಮಾರಬಹುದು, ಹಾಗಾಗಿ ಆ ಹಕ್ಕಿನ ಬೆಲೆ ಅಂದು 120. ಷೇರು 450 ಆದರೆ 530 ಕೊಟ್ಟು ಕೊಳ್ಳುವ ಹಕ್ಕು ಯಾರಿಗೂ ಬೇಡ, ಬೆಲೆ ಸೊನ್ನೆ. ಒಂದು ದಾರಿಯಲ್ಲಿ 120, ಇನ್ನೊಂದು ದಾರಿಯಲ್ಲಿ 0. ಕಾಲ್ ಎಂಬ ವಸ್ತುವಿನಲ್ಲಿ ಇರುವುದು ಇಷ್ಟೇ. ಇವೇ ಎರಡು ಫಲಗಳನ್ನು ಬೇರೆ ಯಾವುದಾದರೂ ರೀತಿಯಲ್ಲಿ ಹುಟ್ಟಿಸಲು ಆಗುತ್ತದೆಯೇ ಎಂಬುದು ಪ್ರಶ್ನೆ.

ಆಗುತ್ತದೆ. ಷೇರಿನ ಎರಡು ಬೆಲೆಗಳ ನಡುವಿನ ಅಂತರ 200 ರೂಪಾಯಿ, ಕಾಲ್‌ನ ಎರಡು ಫಲಗಳ ನಡುವಿನ ಅಂತರ 120. ಒಂದು ಷೇರು 200 ಅಲುಗುವಾಗ ಕಾಲ್ 120 ಅಲುಗುತ್ತದೆ. ಎಂದರೆ ಒಂದು ಕಾಲ್‌ನಷ್ಟೇ ಅಲುಗಾಟ ಬೇಕೆಂದರೆ 0.6 ಷೇರು ಸಾಕು. ವ್ಯಾಪಾರಿಗಳು ಈ ಅಂಕಿಯನ್ನು ಡೆಲ್ಟಾ ಎನ್ನುತ್ತಾರೆ.

```
Δ = (120 − 0) / (650 − 450) = 0.6
```

ಮುಕ್ಕಾಲು ಅರೆ ಷೇರುಗಳನ್ನು ಯಾರೂ ಮಾರುವುದಿಲ್ಲವಾದ್ದರಿಂದ 100 ಕಾಲ್‌ಗಳ ಲೆಕ್ಕ ಹಿಡಿಯೋಣ. ಅದಕ್ಕೆ 60 ಷೇರು ಬೇಕು. ವರ್ಷದ ಕೊನೆಗೆ ಅವುಗಳ ಬೆಲೆ ಏರಿಕೆಯಲ್ಲಿ 39,000, ಇಳಿಕೆಯಲ್ಲಿ 27,000. ಅಂತರ ಸರಿಯಾಗಿ 12,000 ಬಂತು, ನೂರು ಕಾಲ್‌ಗಳ ಫಲದಲ್ಲಿರುವ ಅಂತರವೂ ಅದೇ. ಆದರೆ ಎರಡೂ ಕಡೆ 27,000 ಹೆಚ್ಚಾಗಿದೆ. ನಮಗೆ ಬೇಕಿರುವುದು 12,000 ಮತ್ತು 0. ಆ ಹೆಚ್ಚುವರಿ 27,000 ಎರಡೂ ದಾರಿಯಲ್ಲಿ ಒಂದೇ ಮೊತ್ತವಾಗಿರುವುದರಿಂದ ಅದನ್ನು ಕಳೆಯುವ ಸಾಧನ ಸಾಲ. ಷೇರು ಏರಲಿ ಇಳಿಯಲಿ, ಸಾಲ ಕೊಟ್ಟವರು ತಮ್ಮ ಹಣವನ್ನು ಅಷ್ಟೇ ಕೇಳುತ್ತಾರೆ. ವರ್ಷದ ಕೊನೆಗೆ ಅಸಲು ಬಡ್ಡಿ ಸೇರಿ 27,000 ತೀರಿಸಬೇಕಾದರೆ ಇಂದು ತರಬೇಕಾದ ಸಾಲ 27,000ವನ್ನು 1.08ರಿಂದ ಭಾಗಿಸಿದರೆ ಬರುವ 25,000.

ಈಗ ಒಟ್ಟು ಮಾಡಿ ನೋಡಿ. ಇಂದು 60 ಷೇರಿಗೆ 30,000 ಬೇಕು. ಅದರಲ್ಲಿ 25,000 ಸಾಲ, 5,000 ಕೈಯಿಂದ. ವರ್ಷದ ಕೊನೆಗೆ ಷೇರು 650 ಆಗಿದ್ದರೆ 39,000ಕ್ಕೆ ಮಾರಿ, 27,000 ಸಾಲ ತೀರಿಸಿ, 12,000 ಉಳಿಸಿಕೊಳ್ಳುತ್ತೇವೆ. ಷೇರು 450 ಆಗಿದ್ದರೆ ಮಾರಿದ ಹಣ ಪೂರ್ತಿ ಸಾಲಕ್ಕೇ ಹೋಗಿ ಕೈ ಬರಿದಾಗುತ್ತದೆ. ನೂರು ಕಾಲ್ ಕೊಂಡವರ ಸ್ಥಿತಿಯೂ ಎರಡೂ ಕಡೆ ಹೀಗೇ ಇರುತ್ತದೆ, ಒಂದು ಪೈಸೆಯ ವ್ಯತ್ಯಾಸವಿಲ್ಲ. ಷೇರು ಮತ್ತು ಸಾಲದ ಈ ಜೋಡಿಯನ್ನು ಕಾಲ್‌ನ ಪಡಿಯಚ್ಚು ಎನ್ನಬಹುದು. ಪಡಿಯಚ್ಚಿಗೆ ತಗಲುವ ಖರ್ಚು 5,000 ಆದ್ದರಿಂದ ನೂರು ಕಾಲ್‌ಗಳ ಬೆಲೆಯೂ 5,000, ಒಂದರ ಬೆಲೆ 50 ರೂಪಾಯಿ.

ಪೇಟೆಯಲ್ಲಿ ಯಾರೋ ಅದೇ ಕಾಲ್‌ಗೆ 66 ಕೊಡಲು ಸಿದ್ಧರಿದ್ದಾರೆ ಎಂದುಕೊಳ್ಳಿ. ತಿಳಿದವರು ನೂರು ಕಾಲ್ ಮಾರಿ 6,600 ಪಡೆಯುತ್ತಾರೆ, 5,000 ಹಾಕಿ ಪಡಿಯಚ್ಚು ಕಟ್ಟುತ್ತಾರೆ. 1,600 ಅಂದೇ ಜೇಬಿಗೆ. ವರ್ಷದ ಕೊನೆಗೆ ಷೇರು ಏರಿದ್ದರೆ ಕಾಲ್ ಕೊಂಡವರಿಗೆ 12,000 ಕೊಡಬೇಕು, ಪಡಿಯಚ್ಚಿನಿಂದ ಅಷ್ಟೇ ಬರುತ್ತದೆ. ಇಳಿದಿದ್ದರೆ ಕೊಡುವುದೂ ಇಲ್ಲ, ಬರುವುದೂ ಇಲ್ಲ. ಷೇರು ಯಾವ ಕಡೆ ಹೋದರೂ ಆ 1,600 ಉಳಿಯುತ್ತದೆ. ಹೀಗೆ ಅಪಾಯವಿಲ್ಲದೆ ಸಿಗುವ ಲಾಭಕ್ಕೆ ಆರ್ಬಿಟ್ರೇಜ್ ಎಂದು ಹೆಸರು. ಇಂಥ ಅವಕಾಶ ಕಂಡವರೆಲ್ಲ ಕಾಲ್ ಮಾರಲು ಮುಗಿಬೀಳುವುದರಿಂದ ಬೆಲೆ 66ರಲ್ಲಿ ನಿಲ್ಲುವುದಿಲ್ಲ.

ಬೆಲೆ 40 ಇದ್ದರೆ ಇಡೀ ವ್ಯವಹಾರ ತಿರುಗುಮುರುಗು. 60 ಷೇರುಗಳನ್ನು ಎರವಲು ತಂದು ಮಾರಿದರೆ 30,000 ಬರುತ್ತದೆ. ಅದರಲ್ಲಿ 4,000ಕ್ಕೆ ನೂರು ಕಾಲ್ ಕೊಂಡು, 25,000ವನ್ನು ಬಡ್ಡಿಗೆ ಕೊಟ್ಟರೆ 1,000 ಉಳಿಯುತ್ತದೆ. ವರ್ಷದ ಕೊನೆಗೆ ಬಡ್ಡಿ ಸಮೇತ 27,000 ಕೈಗೆ ಬರುತ್ತದೆ. ಷೇರು 450 ಆಗಿದ್ದರೆ ಆ ಹಣಕ್ಕೆ ಸರಿಯಾಗಿ 60 ಷೇರು ಸಿಗುತ್ತವೆ, ಎರವಲು ಹಿಂದಿರುಗಿಸಬಹುದು. 650 ಆಗಿದ್ದರೆ ಕಾಲ್‌ಗಳಿಂದ ಬರುವ 12,000 ಸೇರಿ 39,000, ಅದಕ್ಕೂ 60 ಷೇರು ಸಿಗುತ್ತವೆ. 50ಕ್ಕಿಂತ ಮೇಲಿದ್ದರೂ ಕೆಳಗಿದ್ದರೂ ಯಾರೋ ಒಬ್ಬರಿಗೆ ಪುಕ್ಕಟೆ ಹಣ ಸಿಗುತ್ತದೆ.

ಈಗ ಸೂಕ್ಷ್ಮದ ಮಾತಿಗೆ ಬರೋಣ. ಇಲ್ಲಿಯವರೆಗಿನ ಲೆಕ್ಕದಲ್ಲಿ ಷೇರು ಏರುವ ಸಂಭವ ಎಷ್ಟು ಎಂದು ಎಲ್ಲೂ ಕೇಳಲಿಲ್ಲ. ಏರುವ ಸಂಭವ ನೂರಕ್ಕೆ 60 ಎಂದು ನಂಬುವವರೊಬ್ಬರು, 50 ಎಂದು ನಂಬುವವರೊಬ್ಬರು ಇದ್ದರೆ ಇಬ್ಬರೂ ಕಾಲ್‌ಗೆ 50 ರೂಪಾಯಿಯನ್ನೇ ಒಪ್ಪಬೇಕು. ಮೊದಲ ಬಾರಿ ಇದನ್ನು ಓದುವವರಿಗೆ ಎಲ್ಲೋ ಕೈಚಳಕ ನಡೆದಿದೆ ಅನ್ನಿಸುತ್ತದೆ. ಆ ಅನುಮಾನವನ್ನು ತಳ್ಳಿಹಾಕದೆ ಅದರ ಜೊತೆಗೇ ನಡೆದು ನೋಡಬೇಕು.

60 ಎಂದು ನಂಬುವವರ ಲೆಕ್ಕ ಹೀಗಿರುತ್ತದೆ: ಕಾಲ್‌ನಿಂದ ಸರಾಸರಿ ಬರಬಹುದಾದ್ದು 120ರಲ್ಲಿ ನೂರಕ್ಕೆ 60, ಎಂದರೆ 72. ಅದು ಬರುವುದು ಒಂದು ವರ್ಷಕ್ಕೆ, ಆದ್ದರಿಂದ 8ರ ಬಡ್ಡಿ ಕಳೆದರೆ ಇಂದಿನ ಬೆಲೆ ಸುಮಾರು 66.67. ಇದರಲ್ಲಿ ಎಡವಿದ್ದು ಎಲ್ಲಿ? 8ರ ಬಡ್ಡಿಯಲ್ಲಿ. ಅದೇ ನಂಬಿಕೆಯನ್ನು ಷೇರಿಗೂ ಅನ್ವಯಿಸಿ. 650ಕ್ಕೆ ನೂರಕ್ಕೆ 60, 450ಕ್ಕೆ ನೂರಕ್ಕೆ 40 ಎಂದರೆ ಷೇರಿನ ಸರಾಸರಿ ಬೆಲೆ 570. ಇಂದು 500 ಕೊಟ್ಟು ಕೊಂಡವರು ಸರಾಸರಿ ನೂರಕ್ಕೆ 14 ಗಳಿಸುತ್ತಾರೆ. ಪೇಟೆ ಆ ಷೇರಿಗೆ 500 ಮಾತ್ರ ಕೊಡುತ್ತಿದೆ ಎಂದರೆ, ಅಪಾಯ ಹೊರುವುದಕ್ಕೆ ಬ್ಯಾಂಕಿನ ಬಡ್ಡಿಗಿಂತ 6 ಹೆಚ್ಚು ಕೇಳುತ್ತಿದೆ ಎಂದೇ ಅರ್ಥ. ಕಾಲ್ ಎಂಬುದು 5,000ದ ಬಂಡವಾಳದ ಮೇಲೆ 30,000ದ ಷೇರು ಹಿಡಿದ ಜೋಡಿ. ಅದರ ಅಪಾಯ ಷೇರಿನದಕ್ಕಿಂತ ಆರು ಪಟ್ಟು. ಆರು ಪಟ್ಟು ಅಪಾಯಕ್ಕೆ ಕೇಳಬೇಕಾದ ಹೆಚ್ಚುವರಿ ಆರಾರ್ಲೆ 36, ಮೂಲ ಬಡ್ಡಿ 8 ಸೇರಿದರೆ ನೂರಕ್ಕೆ 44. ಆ 72 ರೂಪಾಯಿಯನ್ನು 1.44ರಿಂದ ಭಾಗಿಸಿ ನೋಡಿ: ಸರಿಯಾಗಿ 50.

ಸಂಭವ ನೂರಕ್ಕೆ 50 ಎನ್ನುವವರಿಗೂ ಹೀಗೆಯೇ. ಅವರ ಪ್ರಕಾರ ಷೇರಿನ ಸರಾಸರಿ ಗಳಿಕೆ ನೂರಕ್ಕೆ 10, ಬಡ್ಡಿಗಿಂತ 2 ಹೆಚ್ಚು. ಕಾಲ್‌ಗೆ ಅದರ ಆರು ಪಟ್ಟು 12 ಹೆಚ್ಚು, ಒಟ್ಟು 20. ಸರಾಸರಿ ಫಲ 60, ಅದನ್ನು 1.2ರಿಂದ ಭಾಗಿಸಿದರೆ ಮತ್ತೆ 50. ಷೇರಿನ ಭವಿಷ್ಯದ ಬಗ್ಗೆ ಇರುವ ಆಸೆ ಅಂಜಿಕೆಗಳೆಲ್ಲ 500 ಎಂಬ ಇಂದಿನ ಬೆಲೆಯೊಳಗೆ ಆಗಲೇ ಸೇರಿಹೋಗಿವೆ. ಕಾಲ್‌ಗೆ ನಾವು ಕಟ್ಟುತ್ತಿರುವುದು ಆ 500ಕ್ಕೆ ಹೋಲಿಸಿದ ಬೆಲೆ. ಅದೇ ಸಂಭವವನ್ನು ಎರಡನೆಯ ಸಲ ಎಣಿಸಿದರೆ ತಪ್ಪಾಗುತ್ತದೆ.

ಈ 44 ಅಥವಾ 20 ಎಂಬ ದರವನ್ನು ಮೊದಲೇ ಊಹಿಸಲು ಹೊರಟವರೆಲ್ಲ ದಾರಿಯಲ್ಲೇ ಸಿಕ್ಕಿಕೊಂಡಿದ್ದರು. 1965ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಅವರಂಥ ಅರ್ಥಶಾಸ್ತ್ರಜ್ಞರು ವಾರಂಟ್‌ಗಳ ಬೆಲೆಗೆ ಸೂತ್ರ ಬರೆದಾಗ ಅದರಲ್ಲಿ ಷೇರಿಗೆ ಒಂದು, ವಾರಂಟ್‌ಗೆ ಒಂದು ನಿರೀಕ್ಷಿತ ಗಳಿಕೆಯ ದರ ಇತ್ತು. ಅವುಗಳನ್ನು ಹೊರಗಿನಿಂದ ತಂದು ತುಂಬಬೇಕಿತ್ತು. 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್, ಅದೇ ವರ್ಷ ಬೇರೆ ಬರಹದಲ್ಲಿ ರಾಬರ್ಟ್ ಮರ್ಟನ್, ಆ ದರಗಳು ಬೇಕಾಗಿಯೇ ಇಲ್ಲ ಎಂದು ತೋರಿಸಿದರು. ಅವರ ದಾರಿಗೆ ಕಠಿಣ ಗಣಿತ ಬೇಕಿತ್ತು. ಅದರ ಒಳತಿರುಳನ್ನು ಎರಡು ಕೊಂಬೆಯ ಮರವಾಗಿ ತೋರಿಸಬಹುದು ಎಂಬ ಸೂಚನೆ ವಿಲಿಯಂ ಶಾರ್ಪ್ ಅವರದು. ಅವರ 1978ರ ಪಠ್ಯಪುಸ್ತಕದಲ್ಲಿ ಅದು ಬಂತು. 1979ರಲ್ಲಿ ಜಾನ್ ಕಾಕ್ಸ್, ಸ್ಟೀಫನ್ ರಾಸ್ ಮತ್ತು ಮಾರ್ಕ್ ರೂಬಿನ್‌ಸ್ಟೈನ್ ಅದನ್ನು ಪೂರ್ತಿ ಬೆಳೆಸಿದರು. ನಾವು ಈಗ ಮಾಡಿದ್ದು ಆ ಮರದ ಮೊದಲ ಕವಲು.

ಲೆಕ್ಕವನ್ನು ಬೇಗ ಮುಗಿಸುವ ಒಂದು ಅಡ್ಡದಾರಿಯೂ ಇದೆ. ಷೇರು ಬ್ಯಾಂಕಿನ ಬಡ್ಡಿಯಷ್ಟೇ ಗಳಿಸುತ್ತದೆ, ವರ್ಷದ ಕೊನೆಯ ಸರಾಸರಿ 540 ಎಂದು ಸುಮ್ಮನೆ ಇಟ್ಟುಕೊಂಡರೆ ಏರಿಕೆಗೆ ಎಷ್ಟು ಸಂಭವ ಹಾಕಬೇಕಾಗುತ್ತದೆ?

```
q = (540 − 450) / (650 − 450) = 0.45
0.45 × 120 / 1.08 = 50
```

ಅದೇ 50 ಬಂತು. ಈ 0.45 ಯಾರ ನಂಬಿಕೆಯೂ ಅಲ್ಲ, ಪೇಟೆಯ ಮುನ್ಸೂಚನೆಯೂ ಅಲ್ಲ. ಪಡಿಯಚ್ಚಿನ ಲೆಕ್ಕವನ್ನೇ ಬೇರೆ ರೂಪದಲ್ಲಿ ಬರೆದಾಗ ಸಂಭವದಂತೆ ಕಾಣುವ ಒಂದು ಅಂಕಿ, ಅಷ್ಟೆ. ಷೇರು ಏರುವ ಸಂಭವ ನೂರಕ್ಕೆ 45 ಎಂದು ಇದನ್ನು ಓದಿಕೊಳ್ಳುವ ಅಭ್ಯಾಸ ವೃತ್ತಿಯಲ್ಲಿರುವವರಲ್ಲೂ ಇದೆ, ಅದು ಬಿಡಬೇಕಾದ ಅಭ್ಯಾಸ. ಆದರೆ ಒಂದು ಪರೀಕ್ಷೆಗೆ ಇದು ಉಪಯೋಗಕ್ಕೆ ಬರುತ್ತದೆ. ಈ ಅಂಕಿ ಸೊನ್ನೆಗಿಂತ ಕಡಿಮೆ ಅಥವಾ ಒಂದಕ್ಕಿಂತ ಹೆಚ್ಚು ಬಂದರೆ ನಾವು ಊಹಿಸಿದ ಮರದಲ್ಲೇ ದೋಷವಿದೆ. ಇಳಿಕೆಯ ಬೆಲೆಯನ್ನು 550 ಎಂದು ಬರೆದೆವು ಎನ್ನಿ. ಆಗ ಷೇರು ಕೆಟ್ಟರೂ ಬಡ್ಡಿಗಿಂತ ಹೆಚ್ಚು ಕೊಡುತ್ತದೆ. ಸಾಲ ಮಾಡಿ ಷೇರು ಕೊಂಡವರು ಯಾರೂ ಸೋಲುವುದಿಲ್ಲ. ಅಂಥ ಷೇರು ಇಂದು 500ಕ್ಕೆ ಸಿಗುವುದಿಲ್ಲ.

ಸಂಭವಕ್ಕೆ ಬೆಲೆಯಲ್ಲಿ ಪಾತ್ರವಿಲ್ಲ. ಎರಡು ಕೊಂಬೆಗಳ ನಡುವಿನ ಅಗಲಕ್ಕೆ ಮಾತ್ರ ದೊಡ್ಡ ಪಾತ್ರ ಇದೆ. ನಮ್ಮ 650 ಮತ್ತು 450ರ ನಟ್ಟನಡುವಿನ ಅಂಕಿ 550. ಅದೇ ನಡುವನ್ನು ಇಟ್ಟುಕೊಂಡು ಕೊಂಬೆಗಳನ್ನು 700 ಮತ್ತು 400ಕ್ಕೆ ಸರಿಸಿ ಲೆಕ್ಕ ಮಾಡಿದರೆ ಕಾಲ್‌ನ ಬೆಲೆ 50ರಿಂದ 73 ರೂಪಾಯಿ 46 ಪೈಸೆಗೆ ಏರುತ್ತದೆ. ಮೇಲೆ ಹೋದಷ್ಟೂ ಹಕ್ಕಿನ ಫಲ ಬೆಳೆಯುತ್ತದೆ, ಕೆಳಗೆ ಎಷ್ಟೇ ಬಿದ್ದರೂ ಸೊನ್ನೆಗಿಂತ ಕೆಳಗಿಲ್ಲ. ಆಪ್ಷನ್ ವ್ಯಾಪಾರಿಗಳು ದಿನವಿಡೀ ವೊಲಟಿಲಿಟಿ ವೊಲಟಿಲಿಟಿ ಎನ್ನುವುದು ಈ ಅಗಲದ ಬಗ್ಗೆಯೇ. ಏರಿಳಿತದ ದಿಕ್ಕಿನ ಬಗ್ಗೆ ಅವರು ಜಗಳವಾಡಬೇಕಾಗಿಲ್ಲ, ಅಗಲದ ಬಗ್ಗೆ ಜಗಳವಾಡಲೇಬೇಕು. ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಬಡ್ಡಿಯ ವಿಷಯದಲ್ಲೂ ನಾವು ಸ್ವಲ್ಪ ಉದಾರವಾಗಿ ನಡೆದೆವು. ಸಾಲ ತರುವ ದರ, ಕೊಡುವ ದರ ಎರಡೂ 8 ಎಂದೆವು. ನಿಜ ಜೀವನದಲ್ಲಿ ಯಾರಿಗೂ ಅವೆರಡು ಒಂದೇ ಅಲ್ಲ. ತರುವುದು 12ಕ್ಕೆ, ಠೇವಣಿಗೆ ಸಿಗುವುದು 6 ಎಂದು ಬದಲಿಸಿ ನೋಡಿ. ಕಾಲ್ ಮಾರಿ ಪಡಿಯಚ್ಚು ಕಟ್ಟುವವರಿಗೆ 27,000ದ ತೀರುವಳಿಗೆ ಇಂದು ಸಿಗುವ ಸಾಲ 24,107 ಮಾತ್ರ; ಅವರ ಖರ್ಚು ಕಾಲ್‌ಗೆ 58.93. ತಿರುಗುಮುರುಗು ವ್ಯವಹಾರ ಮಾಡುವವರು 27,000 ಪಡೆಯಲು ಇಂದು 25,472 ಇಡಬೇಕು. ಅವರಿಗೆ ಲಾಭ ಹುಟ್ಟುವುದು ಬೆಲೆ 45.28ಕ್ಕಿಂತ ಕೆಳಗೆ ಹೋದರೆ ಮಾತ್ರ. ನಡುವಿನ ಸುಮಾರು ಹದಿಮೂರೂವರೆ ರೂಪಾಯಿಯ ಪಟ್ಟಿಯಲ್ಲಿ ಬೆಲೆ ಎಲ್ಲಿ ನಿಂತರೂ ಯಾರಿಗೂ ಪುಕ್ಕಟೆ ಹಣವಿಲ್ಲ. ಕಡಿಮೆ ಬಡ್ಡಿಗೆ ಹಣ ಸಿಗುವ, ಷೇರು ಸುಲಭವಾಗಿ ಎರವಲು ಸಿಗುವ ದೊಡ್ಡ ಸಂಸ್ಥೆಗಳಿಗೆ ಆ ಪಟ್ಟಿ ಕಿರಿದು. ಬೆಲೆಯನ್ನು ಹದದಲ್ಲಿ ಇಡುವವರು ಅವರೇ. ಮನೆಯಲ್ಲಿ ಕುಳಿತು ಆ್ಯಪ್ ನೋಡುವವರಿಗೆ ಕಾಣುವ ‘ತಪ್ಪು ಬೆಲೆ’ಗಳಲ್ಲಿ ಬಹುಪಾಲು ಅವರ ಪಾಲಿನ ಅಗಲವಾದ ಪಟ್ಟಿಯೊಳಗೇ ಇರುತ್ತವೆ.

ಇನ್ನು ಮೊದಲೇ ಬದಿಗಿಟ್ಟ ತಕರಾರು. ವರ್ಷದ ಕೊನೆಗೆ ಷೇರು 650ರಲ್ಲೂ ಇಲ್ಲ, 450ರಲ್ಲೂ ಇಲ್ಲ, 550ರಲ್ಲಿ ನಿಂತಿತು. 60 ಷೇರಿಗೆ 33,000, ಸಾಲ ಕಳೆದರೆ 6,000. ನೂರು ಕಾಲ್‌ಗಳಿಗೆ ಕೊಡಬೇಕಾದ್ದು 2,000. ಮಾರಿದವರಿಗೆ 4,000 ಉಳಿಯಿತು. ಷೇರು 750 ಆಗಿದ್ದರೆ? ಪಡಿಯಚ್ಚಿನಲ್ಲಿ 18,000, ಕೊಡಬೇಕಾದ್ದು 22,000, ಕೊರತೆ 4,000. 400ಕ್ಕೆ ಕುಸಿದಿದ್ದರೆ ಕಾಲ್‌ಗೆ ಏನೂ ಕೊಡಬೇಕಿಲ್ಲ, ಆದರೆ 24,000ದ ಷೇರಿನಿಂದ 27,000ದ ಸಾಲ ತೀರುವುದಿಲ್ಲ, ಕೊರತೆ 3,000. ಕೊಂಬೆಗಳ ಒಳಗೆ ನಿಂತರೆ ಮಾರಿದವರಿಗೆ ಲಾಭ, ಹೊರಗೆ ಹಾರಿದರೆ ಯಾವ ಕಡೆಗೇ ಆಗಲಿ ನಷ್ಟ. ಕೈಯಲ್ಲಿರುವುದು ಷೇರು ಮತ್ತು ಸಾಲ ಎಂಬ ಎರಡೇ ಸಾಧನ. ಅವುಗಳಿಂದ ಎರಡು ಫಲಗಳನ್ನು ಸರಿಹೊಂದಿಸಬಹುದು, ಮೂರನೆಯದು ಬಂದರೆ ಹಿಡಿತ ತಪ್ಪುತ್ತದೆ.

ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಕೊಟ್ಟ ಪರಿಹಾರ ವರ್ಷವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು. ಪ್ರತಿ ಹೆಜ್ಜೆಯಲ್ಲೂ ಎರಡೇ ಕೊಂಬೆ, ಆದರೆ ಹೆಜ್ಜೆಗಳು ಹೆಚ್ಚಿದಂತೆ ತುದಿಯಲ್ಲಿ ನೂರಾರು ಬೆಲೆಗಳು. ಪ್ರತಿ ಕವಲಿನಲ್ಲೂ ಪಡಿಯಚ್ಚನ್ನು ಹೊಸದಾಗಿ ಹೊಂದಿಸಬೇಕು. ಆರು ತಿಂಗಳಿಗೆ ನಮ್ಮ ಷೇರು 560 ಆಗಿದೆ, ಅಲ್ಲಿಂದ 600 ಅಥವಾ 540 ಆಗಬಹುದು ಎಂದುಕೊಳ್ಳಿ. ಎರಡೂ 530ಕ್ಕಿಂತ ಮೇಲೆ, ಕಾಲ್‌ನ ಫಲ 70 ಅಥವಾ 10, ಎರಡರಲ್ಲೂ ಅಂತರ 60. ಈಗ ಡೆಲ್ಟಾ ಒಂದು. ನೂರು ಕಾಲ್‌ಗೆ ನೂರು ಷೇರು ಹಿಡಿಯಬೇಕು. ಬದಲಿಗೆ ಷೇರು 470ಕ್ಕೆ ಇಳಿದು, ಅಲ್ಲಿಂದ 500 ಅಥವಾ 455 ಮಾತ್ರ ಆಗಬಹುದಾದರೆ ಕಾಲ್ ಸತ್ತಂತೆ. ಒಂದು ಷೇರೂ ಬೇಡ, ಎಲ್ಲ ಮಾರಿ ಸಾಲ ತೀರಿಸಬೇಕು. ಎಂದರೆ ಕಾಲ್ ಮಾರಿ ಪಡಿಯಚ್ಚು ಕಟ್ಟಿದವರು ಷೇರು ಏರಿದಾಗ ಇನ್ನಷ್ಟು ಕೊಳ್ಳುತ್ತಾರೆ, ಇಳಿದಾಗ ಮಾರುತ್ತಾರೆ. ಹೆಜ್ಜೆಗಳನ್ನು ಅತಿ ಚಿಕ್ಕದಾಗಿಸುತ್ತ ಹೋದರೆ ಈ ಮರದ ಬೆಲೆ ಬ್ಲ್ಯಾಕ್-ಶೋಲ್ಸ್ ಸೂತ್ರದ ಬೆಲೆಗೆ ಬಂದು ಸೇರುತ್ತದೆ.

ಇಳಿದಾಗ ಮಾರುವುದು ಎಂಬ ಈ ಮಾತು ಕಾಗದದ ಮೇಲೆ ಸರಾಗ. ಅಮೆರಿಕದಲ್ಲಿ 1980ರ ದಶಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದರು. ಬರ್ಕ್ಲಿಯ ಪ್ರಾಧ್ಯಾಪಕರಾದ ಹೇಯ್ನ್ ಲೀಲೆಂಡ್ ಮತ್ತು ಅದೇ ಮಾರ್ಕ್ ರೂಬಿನ್‌ಸ್ಟೈನ್, ಜಾನ್ ಓ’ಬ್ರಯನ್ ಜೊತೆ ಸೇರಿ ಕಟ್ಟಿದ ಸಂಸ್ಥೆ ಪೋರ್ಟ್‌ಫೋಲಿಯೊ ಇನ್ಶೂರೆನ್ಸ್ ಎಂಬ ಸೇವೆ ಕೊಡುತ್ತಿತ್ತು. ಷೇರು ಬಿದ್ದರೆ ರಕ್ಷಣೆ ಕೊಡುವ ಪುಟ್ ಆಪ್ಷನ್ ಅನ್ನು ಪೇಟೆಯಲ್ಲಿ ಕೊಳ್ಳುವ ಬದಲು ಪಡಿಯಚ್ಚಿನಿಂದ ತಾವೇ ಹುಟ್ಟಿಸಿಕೊಳ್ಳುವ ವಿಧಾನ ಅದು: ಸೂಚ್ಯಂಕ ಇಳಿದಂತೆ ಫ್ಯೂಚರ್ಸ್ ಮಾರುತ್ತ ಹೋಗಬೇಕು. ಇತರ ಸಂಸ್ಥೆಗಳೂ ಅದನ್ನೇ ಹಿಡಿದವು. 1987ರ ಅಕ್ಟೋಬರ್ 19ರ ಸೋಮವಾರ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ 508 ಅಂಶ, ನೂರಕ್ಕೆ 22.6ರಷ್ಟು ಬಿತ್ತು. ಅಂದು ಪೇಟೆ ಒಂದು ಕವಲಿನಿಂದ ಮುಂದಿನ ಕವಲಿಗೆ ನಡೆಯಲಿಲ್ಲ, ಹತ್ತಾರು ಕವಲುಗಳನ್ನು ಒಟ್ಟಿಗೆ ದಾಟಿ ಬಿತ್ತು. ಹೊಂದಿಸಿಕೊಳ್ಳಲು ಸಮಯವಿರಲಿಲ್ಲ. ಮಾರಲು ಹೊರಟವರೇ ಹೆಚ್ಚಾಗಿ ಫ್ಯೂಚರ್ಸ್ ಬೆಲೆ ಸೂಚ್ಯಂಕಕ್ಕಿಂತ ಬಹಳ ಕೆಳಗೆ ಹೋಯಿತು, ಲೆಕ್ಕ ಹಾಕಿಟ್ಟ ಬೆಲೆಗೆ ಮಾರಲು ಆಗಲಿಲ್ಲ. 1988ರ ಜನವರಿಯಲ್ಲಿ ಬಂದ ಬ್ರೇಡಿ ಸಮಿತಿಯ ವರದಿ ಈ ಮಾರಾಟವೂ ಕುಸಿತವನ್ನು ಹೆಚ್ಚಿಸಿತು ಎಂದಿತು.

ಆ ಸೋಮವಾರದ ನಂತರ ಅಮೆರಿಕದ ಸೂಚ್ಯಂಕ ಆಪ್ಷನ್‌ಗಳ ಬೆಲೆಗಳೇ ಬದಲಾದವು. ಭಾರೀ ಕುಸಿತದಲ್ಲಿ ಮಾತ್ರ ಫಲ ಕೊಡುವ, ಬಹಳ ಕೆಳಗಿನ ಸ್ಟ್ರೈಕ್‌ನ ಪುಟ್‌ಗಳಿಗೆ ಜನ ಹಳೆಯ ಸೂತ್ರ ಹೇಳುವುದಕ್ಕಿಂತ ಹೆಚ್ಚು ಹಣ ಕೊಡತೊಡಗಿದರು. ಎಲ್ಲ ಸ್ಟ್ರೈಕ್‌ಗಳಿಗೂ ಒಂದೇ ಅಗಲದ ಕೊಂಬೆಗಳಿರುವ ಮರ ಆ ಬೆಲೆಗಳಿಗೆ ಹೊಂದುತ್ತಿರಲಿಲ್ಲ. 1994ರಲ್ಲಿ ಪ್ರಕಟವಾದ ಬರಹದಲ್ಲಿ ರೂಬಿನ್‌ಸ್ಟೈನ್ ತಮ್ಮ ಮರವನ್ನು ಹಿಂದುಮುಂದಾಗಿ ಓದಿದರು. ಕೊಂಬೆಗಳನ್ನು ಊಹಿಸಿ ಆಪ್ಷನ್‌ಗೆ ಬೆಲೆ ಕಟ್ಟುವ ಬದಲು, ಪೇಟೆಯಲ್ಲಿ ಆಗಲೇ ನಡೆಯುತ್ತಿರುವ ಆಪ್ಷನ್ ಬೆಲೆಗಳನ್ನು ತುದಿಯಲ್ಲಿಟ್ಟು, ಅವುಗಳಿಗೆ ಹೊಂದುವ ಕೊಂಬೆಗಳನ್ನು ಹಿಮ್ಮುಖವಾಗಿ ಕಂಡುಹಿಡಿದರು. ಪ್ರತಿ ಕವಲಿನಲ್ಲಿ ನಡೆಯುವ ಲೆಕ್ಕ ಮಾತ್ರ ನಾವು 60 ಷೇರು ಮತ್ತು 25,000ದ ಸಾಲದಿಂದ ಮಾಡಿದ್ದೇ ಆಗಿತ್ತು.